ಪಿಡಿಎಫ್‌ನಲ್ಲಿ ಹೆಸರು, ನಂಬರ್ ಮೇಲೆ ಕಪ್ಪು ಚೌಕ ಹಾಕಿದರೆ ಸಾಕಾ? ಆನೆ ಪರಿಹಾರದ ಪಟ್ಟಿ ಹಂಚಬೇಕಿದೆ

ಕಾಫಿಕಣ, ಸಕಲೇಶಪುರ

ನಮ್ಮ ಹೋಬಳಿಯಲ್ಲಿ ಆನೆ ಬೆಳೆ ಹಾಳು ಮಾಡಿದ್ದಕ್ಕೆ ಪರಿಹಾರ ಕೇಳಿ ಅರ್ಜಿ ಹಾಕಿದವರ ಪಟ್ಟಿ ಮಾಡಿದ್ದೇವೆ. ಯಾವ ಅರ್ಜಿ ಯಾವಾಗಿನಿಂದ ಬಾಕಿ ಇದೆ ಅಂತ ತೋರಿಸಬೇಕು, ಅಷ್ಟೇ. ಬೆಳೆಗಾರರ ವಾಟ್ಸಾಪ್ ಗುಂಪುಗಳಿಗೆ ಹಾಕಬೇಕು, ಒಬ್ಬ ಪತ್ರಕರ್ತರಿಗೂ ಕಳಿಸಬೇಕು.

ತೊಂದರೆ ಏನಂದ್ರೆ ಅದರಲ್ಲಿ ಹೆಸರು, ತಂದೆಯ ಹೆಸರು, ಮೊಬೈಲ್, ಬ್ಯಾಂಕ್ ಖಾತೆ ನಂಬರ್ ಎಲ್ಲ ಇದೆ. ಒಟ್ಟು 12 ಪುಟ. ಮೊದಲ 9 ಪುಟ ನುಡಿಯಲ್ಲಿ ಟೈಪ್ ಮಾಡಿ ವರ್ಡ್‌ನಿಂದ ಪಿಡಿಎಫ್ ಮಾಡಿದ್ದು. ಕೊನೆಯ 3 ಪುಟ ಮೊಬೈಲ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದ್ದು, ಸ್ವೀಕೃತಿ ಮೊಹರು ಬಿದ್ದಿರುವ ಅರ್ಜಿಗಳು.

ಅಡೋಬಿ ರೀಡರ್‌ನ ಕಾಮೆಂಟ್ ಟೂಲ್‌ನಲ್ಲಿ ಎಲ್ಲದರ ಮೇಲೂ ಕಪ್ಪು ಚೌಕ ಎಳೆದಿದ್ದೇನೆ. ನೋಡಿದರೆ ಏನೂ ಕಾಣಲ್ಲ. ಕಳಿಸಬಹುದಾ?

ಹೇಮಾವತಿ ದಂಡೆ

ಕಳಿಸಬೇಡಿ. ಮೊದಲು ಆ ಫೈಲನ್ನೇ ತೆರೆದು Ctrl+A, Ctrl+C ಒತ್ತಿ. ಬಂದಿದ್ದನ್ನು ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಏನು ಬರುತ್ತೆ ನೋಡಿ ಹೇಳಿ.

ಕಾರಣ ಇಷ್ಟೇ. ಪಿಡಿಎಫ್ ಪುಟ ಅಂದರೆ ಒಂದು ಚಿತ್ರ ಅಲ್ಲ. ಅದು ಅಪ್ಪಣೆಗಳ ಸಾಲು. ಈ ಜಾಗದಲ್ಲಿ ಈ ಅಕ್ಷರ ಇಡು, ಆ ಜಾಗದಲ್ಲಿ ಆ ಗೆರೆ ಎಳೆ, ಹೀಗೆ. ಕೊನೆಗೆ ‘ಇಲ್ಲೊಂದು ಕಪ್ಪು ಚೌಕ ಬಿಡಿಸು’ ಅಂತ ಸೇರಿಸಿದರೆ ಮೊದಲಿನ ಅಪ್ಪಣೆ ಎಲ್ಲಿಗೂ ಹೋಗಲ್ಲ. ನೀವು ಮಾಡಿರೋದು ಅದಕ್ಕಿಂತಲೂ ಹಗುರ. ಕಾಮೆಂಟ್ ಟೂಲಿನ ಚೌಕ ಪುಟದ ಒಳಗೇ ಇರಲ್ಲ, ಮೇಲೆ ತೇಲುತ್ತಿರುತ್ತೆ. ಯಾರಾದರೂ ಅದರ ಮೇಲೆ ಕ್ಲಿಕ್ ಮಾಡಿ Delete ಒತ್ತಿದರೆ ಹೋಯ್ತು.

ದೊಡ್ಡ ದೊಡ್ಡ ವಕೀಲರೂ ಇದೇ ಮಾಡಿದ್ದಾರೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಇತ್ತು. ಪತ್ರಕರ್ತರು ಕಾಪಿ ಪೇಸ್ಟ್ ಮಾಡಿ ಓದಿಬಿಟ್ಟರು.

ಡಿಟಿಪಿ ಅಣ್ಣ, ಹಾಸನ

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಸಾರ್. ಚೌಕ ಹಾಕಿ, ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ Microsoft Print to PDF ಆರಿಸಿ. ಹೊಸ ಫೈಲ್ ಬರುತ್ತೆ, ಚೌಕ ಅಂಟಿಕೊಂಡಿರುತ್ತೆ, ಅಳಿಸೋಕೆ ಆಗಲ್ಲ. ನಮ್ಮ ಅಂಗಡಿಯಲ್ಲಿ ದಿನಾ ಮಾಡ್ತೀವಿ.

ಹೋಂಸ್ಟೇ ಮೂಡಿಗೆರೆ

ನನಗೂ ಇದೇ ತಲೆನೋವು. ಗೆಸ್ಟ್‌ಗಳು ಆಧಾರ್ ಪಿಡಿಎಫ್ ಕಳಿಸ್ತಾರೆ. ಅದಕ್ಕೆ ಪಾಸ್‌ವರ್ಡ್ ಹಾಕಿ ಇಟ್ಟರೆ ಸಾಕಲ್ವಾ? ನೀವೂ ಪಟ್ಟಿಗೆ ಪಾಸ್‌ವರ್ಡ್ ಹಾಕಿಬಿಡಿ ಸಾರ್.

ಹೇಮಾವತಿ ದಂಡೆ

@ಹೋಂಸ್ಟೇ ಮೂಡಿಗೆರೆ ಪಾಸ್‌ವರ್ಡ್ ಹಾಕಿದರೆ ಗೊತ್ತಿಲ್ಲದವರು ತೆರೆಯಲಾರರು, ಗೊತ್ತಿದ್ದವರು ಎಲ್ಲವನ್ನೂ ಓದುತ್ತಾರೆ. ಇವರಿಗೆ ಬೇಕಿರೋದು ಎಲ್ಲರೂ ಓದಬೇಕು, ಕೆಲವು ಮಾತ್ರ ಇರಬಾರದು. ಅದು ಬೇರೆ ಕೆಲಸ. ನಿಮ್ಮ ಆಧಾರ್ ವಿಷಯಕ್ಕೆ ಆಮೇಲೆ ಬರ್ತೀನಿ.

@ಡಿಟಿಪಿ ಅಣ್ಣ ನೀವು ಹೇಳಿದ್ದು ಅರ್ಧ ಸರಿ. ಚೌಕ ಪುಟಕ್ಕೆ ಅಂಟಿಕೊಳ್ಳುತ್ತೆ, ನಿಜ. ಆದರೆ ಕೆಳಗಿನ ಅಕ್ಷರವೂ ಬಹಳ ಸಲ ಅಕ್ಷರವಾಗಿಯೇ ಹೊಸ ಫೈಲಿಗೆ ಹೋಗುತ್ತೆ. ಡಿಲೀಟ್ ಮಾಡೋಕೆ ಆಗಲ್ಲ, ಕಾಪಿ ಮಾಡೋಕೆ ಆಗುತ್ತೆ. ನಿಮ್ಮ ಅಂಗಡಿಯ ಒಂದು ಫೈಲ್ ತೆಗೆದು ಚೌಕದ ಮೇಲೆ ಮೌಸ್ ಎಳೆದು ನೋಡಿ.

ಕಾಫಿಕಣ, ಸಕಲೇಶಪುರ

ಮೇಡಂ, ನೀವು ಹೇಳಿದಂಗೆ ನೋಟ್‌ಪ್ಯಾಡ್‌ಗೆ ಹಾಕಿದೆ. ಮೊಬೈಲ್ ನಂಬರ್, ಖಾತೆ ನಂಬರ್ ಎಲ್ಲ ಹಾಗಾಗೇ ಬಂದುಬಿಟ್ಟವು. ಗಾಬರಿಯಾಯ್ತು. ಆದರೆ ಹೆಸರುಗಳು ಮಾತ್ರ ಏನೇನೋ ಗೀಚಿದಂಗೆ ಬಂದಿವೆ, ಒಂದೂ ಓದೋಕೆ ಆಗಲ್ಲ. Ctrl+F ಒತ್ತಿ ನಮ್ಮೂರಿನವರ ಹೆಸರು ಕನ್ನಡದಲ್ಲಿ ಹುಡುಕಿದೆ, ಸಿಗಲಿಲ್ಲ. ಅಂದರೆ ಹೆಸರಿಗೆ ತೊಂದರೆ ಇಲ್ಲ, ನಂಬರ್ ಮಾತ್ರ ತೆಗೆದರೆ ಸಾಕು ಅಲ್ವಾ?

ಡಿಟಿಪಿ ಅಣ್ಣ, ಹಾಸನ

ಅಯ್ಯೋ ಬೇಡ ಸಾರ್! ಈ ವಿಷಯ ನನಗೆ ಚೆನ್ನಾಗಿ ಗೊತ್ತು.

ಅದು ಗೀಚಿದ್ದಲ್ಲ, ನುಡಿಯ ಹಳೇ ಕೋಡ್. ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ ಒಳಗೆ ಕನ್ನಡ ಇರಲ್ಲ. ಇಂಗ್ಲಿಷ್, ಯುರೋಪಿನ ಚಿಹ್ನೆಗಳಿರುತ್ತವೆ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತೆ. ‘ಹಾಸನ’ ಅಂತ ಟೈಪ್ ಮಾಡಿದ್ದು ನೋಟ್‌ಪ್ಯಾಡ್‌ನಲ್ಲಿ ಹೀಗೆ ಬರುತ್ತೆ:

```
ºÁ¸À£À
```

ಇದನ್ನೇ ವರ್ಡ್‌ನಲ್ಲಿ ಪೇಸ್ಟ್ ಮಾಡಿ ನುಡಿ ಫಾಂಟ್ ಆರಿಸಿದರೆ ಮತ್ತೆ ‘ಹಾಸನ’ ಆಗುತ್ತೆ. ಫಾಂಟ್ ಇಲ್ಲದಿದ್ದರೂ ಯೂನಿಕೋಡ್ ಕನ್ವರ್ಟರ್ ಇದೆ. ನಮ್ಮಂಥವರು ಅರ್ಧ ನಿಮಿಷದಲ್ಲಿ ಓದ್ತೀವಿ. ನೀವು ಯೂನಿಕೋಡ್ ಕನ್ನಡದಲ್ಲಿ ಹುಡುಕಿದ್ದಕ್ಕೆ ಸಿಗಲಿಲ್ಲ, ಅಷ್ಟೇ. ಹೆಸರು ಅಲ್ಲೇ ಕೂತಿದೆ.

ಹೇಮಾವತಿ ಮೇಡಂ, ನಿಮ್ಮ ಮಾತೂ ನೋಡಿದೆ. ಚೌಕದ ಮೇಲೆ ಮೌಸ್ ಎಳೆದರೆ ಕಾಪಿ ಆಗ್ತಿದೆ. ಸರಿ ಹಾಗಾದ್ರೆ.

ಹೇಮಾವತಿ ದಂಡೆ

ಅಣ್ಣ ಹೇಳಿದ ಈ ನುಡಿ ವಿಷಯ ಇಡೀ ಚರ್ಚೆಯಲ್ಲಿ ಮುಖ್ಯ. ಇಂಗ್ಲಿಷ್‌ನಲ್ಲಿ ಸಿಗುವ ಕೆಲವು ಸಲಹೆಗಳು ‘ಹೆಸರನ್ನು ಹುಡುಕಿ, ಸಿಗದಿದ್ದರೆ ಸುರಕ್ಷಿತ’ ಅನ್ನುತ್ತವೆ. ನಮ್ಮ ಕಡತಗಳಿಗೆ ಅದು ನಡೆಯಲ್ಲ. ಯೂನಿಕೋಡ್ ಕನ್ನಡ ಇದ್ದರೂ ಪಿಡಿಎಫ್‌ನಿಂದ ಹೊರಗೆ ತೆಗೆಯುವಾಗ ಒತ್ತು, ಗುಣಿತ ಹಿಂದೆ ಮುಂದೆ ಆಗಿ ಹುಡುಕಾಟಕ್ಕೆ ಸಿಗದೇ ಇರಬಹುದು. ಹುಡುಕಿ ಸಿಗದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ. ಆದ್ದರಿಂದ ಹೆಸರು ಹುಡುಕಬೇಡಿ. ಪುಟದಲ್ಲಿ ಕಾಪಿ ಆಗುವ ಅಕ್ಷರ ಒಂದಾದರೂ ಉಳಿದಿದೆಯಾ ಅಂತ ನೋಡಿ.

ಕಾಫಿಕಣ ಅವರೇ, ಮೂಲ ವರ್ಡ್ ಫೈಲ್ ಇದೆಯಾ? ಇದ್ದರೆ ಮೊದಲ 9 ಪುಟಕ್ಕೆ ಮುಚ್ಚೋ ಕೆಲಸವೇ ಬೇಡ. ಆ ಕಾಲಂಗಳನ್ನೇ ಅಳಿಸಿ ಹೊಸ ಪಿಡಿಎಫ್ ಮಾಡಿ.

ಕಾಫಿಕಣ, ಸಕಲೇಶಪುರ

ಟೈಪ್ ಮಾಡಿಕೊಟ್ಟವರ ಹತ್ತಿರ ಇತ್ತು, ಅವರ ಕಂಪ್ಯೂಟರ್ ಫಾರ್ಮ್ಯಾಟ್ ಆಗಿದೆಯಂತೆ. ಪಿಡಿಎಫ್ ಮಾತ್ರ ಉಳಿದಿದೆ.

ಕಪ್ಪು ಪರದೆ

ಹಾಗಾದರೆ ಪೈಥಾನ್‌ನಲ್ಲಿ ಮಾಡಿ. PyMuPDF ಅಂತ ಇದೆ. ಕೊಟ್ಟ ಜಾಗದೊಳಗಿನ ಅಕ್ಷರಗಳನ್ನು ಪುಟದಿಂದಲೇ ಕಿತ್ತುಹಾಕುತ್ತೆ, ಆಮೇಲೆ ಕಪ್ಪು ಬಳಿಯುತ್ತೆ. ನುಡಿ ಆಗಿರೋದ್ರಿಂದ ಹೆಸರು ಹುಡುಕಿ ಅಳಿಸೋಕೆ ಹೋಗಬೇಡಿ. ನಿಮ್ಮದು ಕೋಷ್ಟಕ ಅಲ್ವಾ, ಹೆಸರಿನ ಕಾಲಂ ಮೊದಲ 9 ಪುಟದಲ್ಲೂ ಒಂದೇ ಜಾಗದಲ್ಲಿ ಇರುತ್ತೆ. ಆ ಕಾಲಮ್ಮನ್ನೇ ಪೂರ್ತಿ ಅಳಿಸಿ:

```python
import pymupdf
d = pymupdf.open("patti.pdf")
for p in d.pages(0, 9):
    p.add_redact_annot(pymupdf.Rect(70, 120, 230, 780), fill=(0, 0, 0))
    p.apply_redactions()
d.set_metadata({})
d.save("hanchike.pdf", garbage=4, deflate=True)
```

ನಾಲ್ಕು ಸಂಖ್ಯೆ ಎಡ, ಮೇಲು, ಬಲ, ಕೆಳಗು. ಎ4 ಪುಟ ಸುಮಾರು 595 ಅಗಲ, 842 ಎತ್ತರ. ನಿಮ್ಮ ಕಾಲಂ ಎಲ್ಲಿದೆ ನೋಡಿ ಬದಲಾಯಿಸಿ. ಇದು ಮೊದಲ 9 ಪುಟಕ್ಕೆ ಮಾತ್ರ, ಸ್ಕ್ಯಾನ್ ಮಾಡಿದ 3 ಪುಟಕ್ಕೆ ಜಾಗ ನೋಡಿ ಬೇರೆ ಸಂಖ್ಯೆ ಕೊಡಿ. ಮೊಬೈಲ್, ಖಾತೆ ಕಾಲಂಗಳಿಗೆ ಇನ್ನೆರಡು ಅಂಥದೇ ಸಾಲು ಸೇರಿಸಿ, `apply_redactions` ಮಾತ್ರ ಕೊನೆಯಲ್ಲಿ ಒಂದು ಸಲ. ಸೇವ್ ಮಾಡುವಾಗ ಬೇರೆ ಹೆಸರು ಕೊಡೋದು ಬಿಡಬೇಡಿ. ಹಳೇ ಫೈಲಿಗೇ ಬದಲಾವಣೆಯನ್ನು ಕೊನೆಯಲ್ಲಿ ಅಂಟಿಸೋ ಪದ್ಧತಿ ಪಿಡಿಎಫ್‌ನಲ್ಲಿ ಇದೆ. ಹಾಗೆ ಸೇವ್ ಆದರೆ ಅಳಿಸಿದ್ದರ ಹಿಂದಿನ ರೂಪ ಫೈಲಿನೊಳಗೇ ಉಳಿದಿರುತ್ತೆ.

ಅರಸೀಕೆರೆ ಮೇಷ್ಟ್ರು

ತಮ್ಮಾ, ಅವರು ಕಾಫಿ ಬೆಳೆಗಾರರು. ಪೈಥಾನ್ ಅಂದ್ರೆ ತೋಟದಲ್ಲಿ ಹಾವು ಬಂತು ಅಂದುಕೊಳ್ತಾರೆ.

ಲಿಬ್ರೆ ಆಫೀಸ್ ಹಾಕ್ಕೊಂಡರೆ ಆಯ್ತಪ್ಪ. ಪಿಡಿಎಫ್ ತೆರೆದು Tools → Redact ಒತ್ತಿ, ಚೌಕ ಎಳೆದು, Redacted Export ಕೊಟ್ಟರೆ ಇಡೀ ಪುಟ ಚಿತ್ರವಾಗಿ ಹೊಸ ಪಿಡಿಎಫ್ ಬರುತ್ತೆ. ನಾನು ಶಾಲೆಯ ಪಟ್ಟಿಗಳಿಗೆ ಅದನ್ನೇ ಮಾಡೋದು. ಎಳೆಯುವಾಗ ಚೌಕ ಬೂದು ಬಣ್ಣದಲ್ಲಿ, ಕೆಳಗಿನ ಅಕ್ಷರ ಕಾಣುವ ಹಾಗೆ ಇರುತ್ತೆ. ಹೆದರಬೇಡಿ, ಎಕ್ಸ್‌ಪೋರ್ಟ್ ಆದಾಗ ಗಟ್ಟಿ ಕಪ್ಪಾಗುತ್ತೆ.

ಕಾಫಿಕಣ, ಸಕಲೇಶಪುರ

ಮೇಷ್ಟ್ರೇ, ಲಿಬ್ರೆ ಆಫೀಸ್‌ನಲ್ಲಿ ತೆರೆದೆ. ಕನ್ನಡ ಎಲ್ಲ ಹರಿದು ಹಂಚಿಹೋಗಿದೆ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಊರಿನ ಹೆಸರೂ ಓದೋಕೆ ಆಗ್ತಿಲ್ಲ.

ಹೇಮಾವತಿ ದಂಡೆ

ಲಿಬ್ರೆ ಆಫೀಸ್ ಪಿಡಿಎಫ್‌ನ ಒಳಗಿರುವ ಫಾಂಟ್ ಬಿಟ್ಟು ಕಂಪ್ಯೂಟರಿನಲ್ಲಿರುವ ಫಾಂಟ್ ಹಾಕೋಕೆ ಹೋಗುತ್ತೆ, ಅದಕ್ಕೇ ಹಾಗಾಗಿರೋದು. ಮೇಷ್ಟ್ರ ದಾರಿ ಇಂಗ್ಲಿಷ್ ಪಟ್ಟಿಗೆ ಚೆನ್ನ, ನುಡಿ ಪಿಡಿಎಫ್‌ಗೆ ಬಹಳ ಸಲ ಕೈ ಕೊಡುತ್ತೆ.

ನಿಮಗೆ ಸುಲಭದ್ದು ಡಿಟಿಪಿ ಅಣ್ಣ ಹೇಳಿದ ದಾರಿಯೇ. ಒಂದು ಟಿಕ್ ಮಾತ್ರ ಸೇರಿಸಬೇಕು. ನೀವು ಚೌಕ ಹಾಕಿದ ಫೈಲನ್ನು ಅಡೋಬಿ ರೀಡರ್‌ನಲ್ಲೇ ತೆರೆದು ಪ್ರಿಂಟ್ ಒತ್ತಿ. ಪ್ರಿಂಟರ್ Microsoft Print to PDF. Comments & Forms ಅನ್ನೋ ಜಾಗದಲ್ಲಿ Document and Markups ಇರಲಿ. ಅಲ್ಲಿ ಬರೀ Document ಅಂತ ಇದ್ದರೆ ನೀವು ಹಾಕಿದ ಚೌಕಗಳು ಪ್ರಿಂಟೇ ಆಗಲ್ಲ, ಹೆಸರುಗಳೆಲ್ಲ ಬಟಾಬಯಲು. ಆಮೇಲೆ Advanced ಒತ್ತಿ Print As Image ಟಿಕ್ ಮಾಡಿ. ಈಗ ಪುಟ ಅಕ್ಷರವಾಗಿ ಹೋಗಲ್ಲ, ಫೋಟೋ ಆಗಿ ಹೋಗುತ್ತೆ. ಕಪ್ಪು ಚೌಕ ಇದ್ದ ಜಾಗದಲ್ಲಿ ಕಪ್ಪು ಚುಕ್ಕೆಗಳು ಬಿಟ್ಟು ಬೇರೇನೂ ಇರಲ್ಲ. ಕೆಳಗೆ ಏನಿತ್ತು ಅನ್ನೋದು ಆ ಫೈಲಿಗೇ ಗೊತ್ತಿರಲ್ಲ.

ಇದಕ್ಕೆ ಮೊದಲು ಚೌಕಗಳನ್ನು ಸರಿ ಮಾಡಿಕೊಳ್ಳಿ. ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ Properties ನೋಡಿ, ಒಳಗಿನ ಬಣ್ಣ ಕಪ್ಪು, Opacity 100% ಇರಬೇಕು. ಹೈಲೈಟರ್ ಪೆನ್ ಬೇಡವೇ ಬೇಡ. ಅದು ತೆಳು. ಕಣ್ಣಿಗೆ ಕಪ್ಪಾಗಿ ಕಂಡರೂ ಬ್ರೈಟ್‌ನೆಸ್ ಜಾಸ್ತಿ ಮಾಡಿದಾಗ ಅಕ್ಷರ ಮೇಲೆದ್ದು ಬರುತ್ತೆ. ಮಸುಕು ಮಾಡೋದು, ಚುಕ್ಕೆ ಚುಕ್ಕೆ ಮಾಡೋದು ಕೂಡ ಬೇಡ. ಅಂಕಿ ಇರೋದು ಹತ್ತೇ. ಒಂದೊಂದನ್ನೂ ಅದೇ ರೀತಿ ಮಸುಕು ಮಾಡಿ ಹೋಲಿಸಿ ಕಂಡುಹಿಡಿಯಬಹುದು.

ಕಪ್ಪು ಪರದೆ

ಲಿನಕ್ಸ್ ಇರೋರಿಗೆ ಇದೇ ಕೆಲಸ ಎರಡು ಸಾಲು. ಚೌಕ ಹಾಕಿ ಸೇವ್ ಮಾಡಿದ ಮೇಲೆ:

```
pdftoppm -r 200 -gray -png patti.pdf puta
img2pdf puta-*.png -o hanchike.pdf
```

ಚೌಕ ಸಮೇತ ಪುಟವನ್ನು ಚಿತ್ರ ಮಾಡುತ್ತೆ, ಆಮೇಲೆ ಚಿತ್ರಗಳಿಂದ ಹೊಸ ಪಿಡಿಎಫ್. 200 ಇದ್ದರೆ ನುಡಿಯ ಸಣ್ಣ ಒತ್ತಕ್ಷರವೂ ಓದೋಕೆ ಬರುತ್ತೆ. ಫೈಲ್ ದೊಡ್ಡದಾದರೆ 150 ಮಾಡಿ. ಮೊಹರಿನ ಬಣ್ಣ ಬೇಕಿದ್ದರೆ `-gray` ತೆಗೀರಿ.

ನನಗೆ ಇನ್ನೂ ನನ್ನ ಪೈಥಾನ್ ದಾರಿಯೇ ಚೆಂದ. ಉಳಿದ ಪಠ್ಯ ಪಠ್ಯವಾಗೇ ಇರುತ್ತೆ, ಹುಡುಕಬಹುದು, ಫೈಲ್ ಚಿಕ್ಕದು.

ಹೇಮಾವತಿ ದಂಡೆ

ನಿಮ್ಮದು ತಪ್ಪಲ್ಲ. ಆದರೆ ನುಡಿ ಪಠ್ಯ ಉಳಿದರೂ ಯಾರು ಹುಡುಕ್ತಾರೆ? ಇವರಿಗೆ ಆ ಲಾಭ ಇಲ್ಲ.

ಕಾಲಂ ಪೂರ್ತಿ ಮುಚ್ಚಿ ಅಂದಿರಲ್ಲ, ಅದು ಮಾತ್ರ ಬಹಳ ಒಳ್ಳೆಯದು. ಕಾರಣ ಸೇರಿಸ್ತೀನಿ. ಒಂದೊಂದು ಹೆಸರಿಗೂ ಅಳತೆಗೆ ಸರಿಯಾಗಿ ಚೌಕ ಹಾಕಿದರೆ ಹೆಸರು ಎಷ್ಟು ಉದ್ದ ಅಂತ ನಾವೇ ಹೇಳಿದ ಹಾಗೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಇದನ್ನೇ ತೋರಿಸಿದರು. ಪಕ್ಕದ ಅಕ್ಷರಗಳು ಕೂತ ಜಾಗ ಮತ್ತು ಅಳಿಸಿದ ಜಾಗದ ಅಗಲ ನೋಡಿ, ಸಂಭವ ಇರುವ ಹೆಸರುಗಳಲ್ಲಿ ಯಾವುದು ಹೊಂದುತ್ತೆ ಅಂತ ಕಡಿಮೆ ಮಾಡುತ್ತಾ ಹೋಗಬಹುದು. ನಮ್ಮೂರಲ್ಲಿ ಸಂಭವ ಇರುವ ಹೆಸರುಗಳ ಪಟ್ಟಿಗೆ ಕಷ್ಟವೇ ಇಲ್ಲ, ಮತದಾರರ ಪಟ್ಟಿ ಇದೆಯಲ್ಲ.

ಕನ್ನಡಕ್ಕೆ ಇನ್ನೊಂದು ಇದೆ. ಸಾಲಿನ ಎತ್ತರಕ್ಕೆ ಚೌಕ ಎಳೆದರೆ ಒತ್ತಕ್ಷರದ ಬಾಲ ಕೆಳಗೆ ಇಣುಕುತ್ತೆ. ‘ಕೃಷ್ಣಪ್ಪ’ ಮುಚ್ಚಿದ್ದೀರಿ ಅಂದುಕೊಳ್ಳಿ, ಕೆಳಗೆ ‘ಣ’ ಮತ್ತು ‘ಪ’ ಒತ್ತಿನ ತುದಿ ಕಂಡರೆ ಊರಿನವರಿಗೆ ಸಾಕು. 400%ಗೆ ಹಿಗ್ಗಿಸಿ ಚೌಕದ ಕೆಳ ಅಂಚನ್ನು ನೋಡಿಕೊಂಡು ಹೋಗಿ.

ಅರಸೀಕೆರೆ ಮೇಷ್ಟ್ರು

ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಹೇಗೂ ಒತ್ತಿ ಚಿಕ್ಕದು ಮಾಡುತ್ತಲ್ಲ, ಒಳಗಿನ ಪಠ್ಯ ಅಲ್ಲೇ ಹೋಗಲ್ವಾ?

ಕಪ್ಪು ಪರದೆ

ಫೋಟೋ ಕಳಿಸಿದರೆ ಚಿಕ್ಕದು ಮಾಡುತ್ತೆ ಮೇಷ್ಟ್ರೇ. ಪಿಡಿಎಫ್ ಡಾಕ್ಯುಮೆಂಟ್ ಆಗಿ ಹೋಗುತ್ತೆ, ಹಾಗಾಗೇ ಹೋಗುತ್ತೆ.

ಹೇಮಾವತಿ ದಂಡೆ

ಕೊನೆಯ 3 ಸ್ಕ್ಯಾನ್ ಪುಟ ಮರೆಯಬೇಡಿ. ‘ಅದು ಫೋಟೋ ಅಲ್ವಾ, ಅಕ್ಷರ ಎಲ್ಲಿದೆ’ ಅನ್ಸುತ್ತೆ. ಮೊಬೈಲ್ ಸ್ಕ್ಯಾನ್ ಆ್ಯಪ್‌ಗಳು ಎಷ್ಟೋ ಸಲ ಚಿತ್ರದಲ್ಲಿರುವ ಬರಹವನ್ನು ತಾವೇ ಓದಿ, ಕಾಣದ ಅಕ್ಷರಗಳ ಒಂದು ಪದರವನ್ನು ಫೈಲಿಗೆ ಸೇರಿಸುತ್ತವೆ. ಹುಡುಕೋಕೆ ಅನುಕೂಲ ಆಗಲಿ ಅಂತ. ಚಿತ್ರದ ಮೇಲೆ ಕಪ್ಪು ಬಳಿದರೂ ಆ ಪದರ ಹಾಗೇ ಇರುತ್ತೆ. ಆ್ಯಪ್ ಇಂಗ್ಲಿಷ್ ಅಂದುಕೊಂಡು ಓದಿದ್ದರೆ ಕನ್ನಡ ಹೆಸರು ಕಸ ಆಗಿರುತ್ತೆ, ಅಂಕಿಗಳು ಮಾತ್ರ ತಪ್ಪಿಲ್ಲದೆ ಬಂದಿರುತ್ತವೆ. ಖಾತೆ ನಂಬರ್ ಅಂಕಿ ತಾನೇ. ಸ್ಕ್ಯಾನ್ ಪುಟದಲ್ಲಿ ಬೆರಳಿಟ್ಟು ಎಳೆದಾಗ ನೀಲಿ ಗುರುತು ಬಂದರೆ ಪದರ ಇದೆ ಅಂತ ಅರ್ಥ. Print As Image ಮಾಡಿದರೆ ಈ ಪದರವೂ ಹೋಗುತ್ತೆ.

@ಹೋಂಸ್ಟೇ ಮೂಡಿಗೆರೆ ನಿಮಗೆ: ಗೆಸ್ಟ್‌ಗಳಿಗೆ ಮಾಸ್ಕ್ಡ್ ಆಧಾರ್ ಕಳಿಸೋಕೆ ಹೇಳಿ. ಯುಐಡಿಎಐ ಸೈಟಿನಲ್ಲೇ ಸಿಗುತ್ತೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಪೂರ್ತಿ ಆಧಾರ್ ಯಾರಿಗಾದರೂ ಮುಂದೆ ಕಳಿಸಬೇಕಾದರೆ ಕ್ಯೂಆರ್ ಕೋಡನ್ನೂ ಮುಚ್ಚಿ. ಅದರಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ಇರುತ್ತೆ. ಹಳೇ ಕಾರ್ಡಿನ ಕ್ಯೂಆರ್‌ನಲ್ಲಿ ಪೂರ್ತಿ 12 ಅಂಕಿಯೂ ಇರುತ್ತಿತ್ತು.

ಹೋಂಸ್ಟೇ ಮೂಡಿಗೆರೆ

ಕ್ಯೂಆರ್ ಯಾರೂ ಹೇಳಿರಲಿಲ್ಲ ಅಕ್ಕ. ನಾನು ನಂಬರ್ ಮೇಲೆ ಮಾತ್ರ ಗೆರೆ ಎಳೀತಿದ್ದೆ. ಫೋನಿನಲ್ಲೇ ಮುಚ್ಚೋಕೆ ಏನು ಮಾಡಲಿ? ನನ್ನ ಹತ್ರ ಕಂಪ್ಯೂಟರ್ ಇಲ್ಲ.

ಹೇಮಾವತಿ ದಂಡೆ

ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಯ ಎಡಿಟ್‌ನಲ್ಲಿ ಗಟ್ಟಿ ಬಣ್ಣದ ಚೌಕ ಹಾಕಿ, ಸೇವ್ ಮಾಡಿ. ಆಮೇಲೆ ಆ ಚಿತ್ರದ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಕೆಲವು ಗ್ಯಾಲರಿಗಳಲ್ಲಿ ಎಡಿಟ್ ಮಾಡಿದ್ದನ್ನು ಮತ್ತೆ ಹಿಂದಕ್ಕೆ ತರಬಹುದು, ಎರಡನೇ ಸ್ಕ್ರೀನ್‌ಶಾಟ್‌ನಲ್ಲಿ ಆ ಮಾತೇ ಇಲ್ಲ.

ಬೇಲೂರು ಲಾಯರ್

ತಡವಾಗಿ ನೋಡಿದೆ. ಎಲ್ಲರೂ ಹೆಸರು, ಖಾತೆ ಬಗ್ಗೆಯೇ ಹೇಳ್ತಿದ್ದೀರಿ. ಪಟ್ಟಿಯಲ್ಲಿ ಸರ್ವೆ ನಂಬರ್ ಇದೆಯಾ?

ಕಾಫಿಕಣ, ಸಕಲೇಶಪುರ

ಇದೆ ಸಾರ್. ಗ್ರಾಮ, ಸರ್ವೆ ನಂಬರ್, ಬೆಳೆ, ಅರ್ಜಿ ತಾರೀಕು. ಅದು ಉಳಿಸಿದ್ದೇನೆ.

ಬೇಲೂರು ಲಾಯರ್

ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಭೂಮಿ ಸೈಟಿನಲ್ಲಿ ಪಹಣಿ ಯಾರು ಬೇಕಾದರೂ ನೋಡಬಹುದು. ಪಹಣಿಯಲ್ಲಿ ಮಾಲೀಕರ ಹೆಸರು, ತಂದೆ ಹೆಸರು ಇದೆ. ನೀವು ಎಷ್ಟು ಗಟ್ಟಿ ಕಪ್ಪು ಬಳಿದರೂ ಹೆಸರು ಪಕ್ಕದ ಕಾಲಂನಲ್ಲೇ ಇದ್ದ ಹಾಗೆ.

ಅರಸೀಕೆರೆ ಮೇಷ್ಟ್ರು

ಸರ್ವೆ ನಂಬರ್ ತೆಗೆದರೆ ಪತ್ರಕರ್ತರು ಈ ಪಟ್ಟಿ ನಿಜ ಅಂತ ಹೇಗೆ ನಂಬ್ತಾರೆ? ಸುಮ್ನೆ ತಾರೀಕುಗಳ ಪಟ್ಟಿ ಯಾರು ಬೇಕಾದರೂ ಬರೀಬಹುದು. ಪಹಣಿ ಹೇಗೂ ಬಹಿರಂಗ ದಾಖಲೆ, ಅದರಲ್ಲಿ ಗುಟ್ಟೇನಿದೆ?

ಬೇಲೂರು ಲಾಯರ್

ಪಹಣಿ ಬಹಿರಂಗ. ಆ ಜಮೀನಿನವರು ಪರಿಹಾರ ಕೇಳಿದ್ದಾರೆ ಅನ್ನೋದು ಪಹಣಿಯಲ್ಲಿ ಇಲ್ಲ. ಹಣ ಬಂದಾಗ ಸಾಲ ಕೊಟ್ಟವರು ಬಾಗಿಲಿಗೆ ಬರ್ತಾರೆ ಅಂತ ಹೆದರೋರು ಇದ್ದಾರೆ. ಗುಂಪಿಗೆ ಹಾಕೋ ಪ್ರತಿಯಲ್ಲಿ ಸರ್ವೆ ನಂಬರ್ ತೆಗೆದು ಕ್ರಮಸಂಖ್ಯೆ ಇಡಿ. ಪತ್ರಕರ್ತರು ಪರಿಶೀಲನೆ ಮಾಡಬೇಕಾದರೆ ಅರ್ಜಿದಾರರ ಒಪ್ಪಿಗೆ ಕೇಳಿ ಬೇರೆ ಕೊಡಿ.

ಅರಸೀಕೆರೆ ಮೇಷ್ಟ್ರು

ಎಲ್ಲರ ಒಪ್ಪಿಗೆ ಕೇಳೋಷ್ಟರಲ್ಲಿ ಮುಂದಿನ ವರ್ಷದ ಆನೆ ಬಂದಿರುತ್ತೆ. ನಾನು ಒಪ್ಪಲ್ಲ.

ಕಾಫಿಕಣ, ಸಕಲೇಶಪುರ

ಮಾಡಿದೆ. ಹೆಸರು, ತಂದೆ ಹೆಸರು ಸೇರಿಸಿ ಒಂದೇ ಉದ್ದ ಚೌಕ, ಮೊಬೈಲ್ ಮತ್ತು ಖಾತೆಗೆ ಇನ್ನೊಂದು, ಮೇಲಿಂದ ಕೆಳಗಿನವರೆಗೆ. ಮೊದಲ ಸಲ ಪ್ರಿಂಟ್‌ನಲ್ಲಿ ಚೌಕಗಳೇ ಬರಲಿಲ್ಲ. ಹೇಮಾವತಿ ಮೇಡಂ ಹೇಳಿದ ಹಾಗೆ ಅಲ್ಲಿ ಬರೀ Document ಅಂತ ಇತ್ತು. ಬದಲಾಯಿಸಿದ ಮೇಲೆ ಸರಿಯಾಯ್ತು. ಈಗ Ctrl+A ಒತ್ತಿ ಕಾಪಿ ಮಾಡಿದರೆ ನೋಟ್‌ಪ್ಯಾಡ್‌ನಲ್ಲಿ ಏನೂ ಬೀಳ್ತಿಲ್ಲ, ಸ್ಕ್ಯಾನ್ ಪುಟದಲ್ಲೂ ಇಲ್ಲ. ಸ್ಕ್ಯಾನ್ ಪುಟದಲ್ಲಿ ಅರ್ಜಿದಾರರ ಸಹಿ ಮರೆತಿತ್ತು, ಅದನ್ನೂ ಮುಚ್ಚಿ ಮತ್ತೆ ಮಾಡಿದೆ.

ಸರ್ವೆ ನಂಬರ್ ವಿಷಯ ಭಾನುವಾರದ ಸಭೆಗೆ ಇಡ್ತೀನಿ. ಅಲ್ಲಿವರೆಗೂ ಗುಂಪಿಗೆ ಹಾಕಲ್ಲ.

ಕಪ್ಪು ಪರದೆ

ಅಣ್ಣಾ, ಫೈಲಿನ ಹೆಸರು ಏನಿಟ್ಟಿದ್ದೀರಿ? ಫೈಲ್ ಪ್ರಾಪರ್ಟೀಸ್‌ನಲ್ಲಿ Title, Author ಕೂಡ ನೋಡಿ. ನೀವು ಪ್ರಿಂಟ್ ಮಾಡಿದಾಗ ಹಳೇ ಫೈಲಿನ ಹೆಸರೇ Title ಆಗಿ ಬಂದಿರಬಹುದು.

ಕಾಫಿಕಣ, ಸಕಲೇಶಪುರ

ಟೈಪ್ ಮಾಡಿಕೊಟ್ಟವರು ಮೊದಲ ಅರ್ಜಿದಾರರ ಹೆಸರನ್ನೇ ಫೈಲಿಗೆ ಇಟ್ಟಿದ್ದಾರೆ! ಹೆಸರು ಬದಲಾಯಿಸಿ ಮತ್ತೆ ಪ್ರಿಂಟ್ ಕೊಡ್ತೀನಿ.